ಎರಡು ಕಂಪನಿ ಒಂದಾದಾಗ ಹೆಸರು

ಪ್ರಶ್ನೆ: ನಮ್ಮ ಕಂಪನಿಯೂ ಇನ್ನೊಂದು ಕಂಪನಿಯೂ ಒಂದಾಗ್ತಿವೆ. ಎರಡೂ ಕಡೆಯವರಿಗೆ ಬೇಜಾರಾಗದಂತೆ ಹೊಸ ಹೆಸರು ಹೇಗೆ ಇಡೋದು?

ಮೊದಲು ಎಲ್ಲರಿಗೂ ಹೊಳೆಯೋದು ಎರಡೂ ಹೆಸರು ಜೋಡಿಸೋಣ ಅಂತ. ನಮ್ಮ ಗ್ರಾಮೀಣ ಬ್ಯಾಂಕುಗಳಲ್ಲಿ ಹಾಗೇ ಆಯಿತು. 2013ರಲ್ಲಿ ಬಳ್ಳಾರಿಯ ಪ್ರಗತಿ, ಕಲಬುರಗಿಯ ಕೃಷ್ಣಾ ಸೇರಿ ‘ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್’ ಆಯಿತು. ಕೇಳೋಕೆ ಒಂದೇ ಹೆಸರಿನಂತಿದೆ, ಅಲ್ವಾ? ಆದರೆ 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕೂ ಬಂದು ಸೇರಿತು. ಮೂರನೇ ಹೆಸರಿಗೆ ಜಾಗ ಎಲ್ಲಿ? ‘ಕರ್ನಾಟಕ ಗ್ರಾಮೀಣ ಬ್ಯಾಂಕ್’ ಅಂತ ಇಟ್ಟರು. 2025ರಲ್ಲಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಸೇರಿದಾಗಲೂ ಅದೇ ಹೆಸರು ನಡೆಯಿತು, ಯಾಕಂದ್ರೆ ‘ಕರ್ನಾಟಕ’ ಇಬ್ಬರದ್ದೂ ಆಗಿತ್ತು. ಮುಂದೆ ಇನ್ನೊಂದು ಕಂಪನಿ ಸೇರೋ ಸಾಧ್ಯತೆ ಇದ್ದರೆ, ಈಗಲೇ ಇಬ್ಬರಿಗೂ ಸೇರಿದ ಒಂದು ಪದ ಹುಡುಕಿ.

ಜೋಡಿ ಹೆಸರೇ ಬೇಕು ಅಂದ್ರೆ ಒಂದು ಅಪಾಯ ಇದೆ. ನಾನು ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದ ಕಂಪನಿ ಹೀಗೇ ಇನ್ನೊಂದರ ಜೊತೆ ಸೇರಿ ಎರಡೂ ಹೆಸರು ಇಟ್ಟುಕೊಂಡಿತು. ಮೂರು ತಿಂಗಳಾದ ಮೇಲೆ ಲಾರಿ ಆಫೀಸಿನ ರಸೀದಿಗಳನ್ನು ನೋಡಿದೆ. ಬುಕಿಂಗ್ ಗುಮಾಸ್ತ ಮೊದಲ ಪದವನ್ನಷ್ಟೇ ಬರೆದಿದ್ದ. ಫೋನ್ ಎತ್ತುವ ಹುಡುಗಿಯೂ ಅಷ್ಟೇ ಹೇಳುತ್ತಿದ್ದಳು. ಎರಡನೇ ಹೆಸರಿನವರಿಗೆ ನಿಜಕ್ಕೂ ನೋವಾಗಿತ್ತು. ಅದಕ್ಕೇ ಹೆಸರು ಗಟ್ಟಿ ಮಾಡುವ ಮೊದಲು ಎರಡೂ ಕಡೆಯ ಹತ್ತು ಹತ್ತು ಜನರಿಗೆ ಒಂದು ವಾರ ಫೋನಲ್ಲಿ ಅದನ್ನೇ ಹೇಳೋಕೆ ಬಿಡಿ. ಯಾವ ಭಾಗ ಬಾಯಲ್ಲಿ ಉದುರುತ್ತೆ ಅಂತ ಗೊತ್ತಾಗುತ್ತದೆ. ಉದುರಿದರೆ ಆ ಹೆಸರು ಬೇಡ.

ಹಳೆ ಹೆಸರು ರಾತ್ರೋರಾತ್ರಿ ಮಾಯ ಆಗಬೇಕಾಗಿಯೂ ಇಲ್ಲ. ಹೆಸರು ಬದಲಿಸಿದ ಕಂಪನಿ ಎರಡು ವರ್ಷ ಬೋರ್ಡಿನಲ್ಲೂ ಲೆಟರ್‌ಹೆಡ್‌ನಲ್ಲೂ ಹಳೆ ಹೆಸರನ್ನೂ ತೋರಿಸಬೇಕು ಅಂತ ಕಂಪನಿ ಕಾಯ್ದೆ ಹೇಳುತ್ತದೆ. ಆದರೆ ಇದು ಉಳಿಯುವ ಕಂಪನಿಗೆ ಮಾತ್ರ. ಅದರೊಳಗೆ ವಿಲೀನವಾದ ಕಂಪನಿಯ ಹೆಸರಿಗೆ ಈ ರಕ್ಷಣೆ ಇಲ್ಲ. ಬೇಜಾರು ಶುರುವಾಗೋದು ಇಲ್ಲೇ. ಅದಕ್ಕೆ ಆ ಹೆಸರನ್ನು ಒಂದು ಉತ್ಪನ್ನಕ್ಕೆ ಇಡಿ, ಟ್ರೇಡ್‌ಮಾರ್ಕನ್ನೂ ಹೊಸ ಕಂಪನಿಗೆ ವರ್ಗಾಯಿಸಿ. ಬಳಸುತ್ತಲೇ ಇರಬೇಕು. ಐದು ವರ್ಷಕ್ಕಿಂತ ಜಾಸ್ತಿ ಬಳಸದೆ ಬಿಟ್ಟರೆ ಬೇರೆಯವರು ಅದನ್ನು ತೆಗೆಸಿಹಾಕಲು ಅರ್ಜಿ ಹಾಕಬಹುದು. ನಮ್ಮ ಪೀಣ್ಯದ ಕಂಪನಿಯಲ್ಲಿ ಕೊನೆಗೆ ಆ ಎರಡನೇ ಕಂಪನಿಯವರ ಹೆಸರನ್ನು ನಾವು ತಯಾರಿಸುವ ಪಂಪಿನ ಮೇಲೆ ಅಚ್ಚು ಹಾಕಿದೆವು. ಮೊದಲ ಪಂಪ್ ಹೊರಗೆ ಹೋದ ದಿನ ಅವರ ಕಡೆಯ ಹಳೆಯ ಫೋರ್‌ಮನ್ ಆ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದರು.