ಸ್ಟೇಜ್, ಗ್ರೇಡ್, ಮಾರ್ಕರ್: ಕರುಳಿನ ಒಂದು ರಿಪೋರ್ಟ್ ಸಾಕು

"ಪೆಥಾಲಜಿ ವೈವಾ ಹತ್ತಿರ ಬಂತು. ಸ್ಟೇಜ್, ಗ್ರೇಡ್, ಟ್ಯೂಮರ್ ಮಾರ್ಕರ್ ಎಲ್ಲಾ ಓದಿದ್ದೀನಿ. ಆದ್ರೆ ಕೇಸ್ ಕೊಟ್ರೆ ಮೂರೂ ಕಲಸಿ ಹೋಗುತ್ತೆ. ಹೇಗೆ ಬಿಡಿಸಿಕೊಳ್ಳೋದು?"

ವೈವಾದಲ್ಲಿ ನಾನೂ ಇಲ್ಲೇ ಎಡವಿದ್ದೆ. ಎಕ್ಸಾಮಿನರ್ ದೊಡ್ಡ ಕರುಳಿನ ಸ್ಪೆಸಿಮನ್ ಮುಂದಿಟ್ಟು, "ಗಡ್ಡೆ 3 ಸೆಂಟಿಮೀಟರ್ ಇದೆ, ಟಿ ಎಷ್ಟಪ್ಪಾ?" ಅಂದರು. ನಾನು ಥಟ್ಟನೆ "ಟಿ2" ಅಂದೆ. ಅದು ಸ್ತನದ ಲೆಕ್ಕ. ಅಲ್ಲಿ 2 ದಾಟಿ 5 ಸೆಂಟಿಮೀಟರ್‌ವರೆಗೆ ಇದ್ದರೆ ಟಿ2. ಕರುಳಿನಲ್ಲಿ ಗಡ್ಡೆ ಎಷ್ಟು ದೊಡ್ಡದು ಅಂತ ಯಾರೂ ಕೇಳಲ್ಲ, ಗೋಡೆಯೊಳಗೆ ಎಷ್ಟು ಆಳ ಇಳಿದಿದೆ ಅಂತ ಕೇಳುತ್ತಾರೆ.

ಅವತ್ತಿನ ಕೇಸನ್ನೇ ಬಿಡಿಸೋಣ. ಸ್ಲೈಡಿನಲ್ಲಿ ಗಡ್ಡೆ ಸಬ್‌ಮ್ಯೂಕೋಸಾದವರೆಗೆ ಮಾತ್ರ ಬಂದಿದ್ದರೆ ಟಿ1. ಸ್ನಾಯುವಿನ ಪದರ, ಅಂದರೆ ಮಸ್ಕ್ಯುಲಾರಿಸ್ ಪ್ರೊಪ್ರಿಯಾ, ಅದರೊಳಗೇ ನಿಂತಿದ್ದರೆ ಟಿ2. ನಮ್ಮ ಗಡ್ಡೆ ಸ್ನಾಯುವನ್ನು ದಾಟಿ ಹೊರಗಿನ ಕೊಬ್ಬಿಗೆ ಹೋಗಿತ್ತು, ಹಾಗಾಗಿ ಟಿ3. ಹೊರಗಿನ ಪೆರಿಟೋನಿಯಂ ಮೇಲ್ಮೈಗೇ ಬಂದಿದ್ದರೆ ಟಿ4ಎ, ಪಕ್ಕದ ಅಂಗಕ್ಕೆ ಅಂಟಿ ಒಳಹೊಕ್ಕಿದ್ದರೆ ಟಿ4ಬಿ.

ಆಮೇಲೆ ಲಿಂಫ್ ನೋಡ್. 16 ಸಿಕ್ಕಿದ್ದವು, 2ರಲ್ಲಿ ಕ್ಯಾನ್ಸರ್ ಇತ್ತು. ಒಂದರಲ್ಲಿದ್ದರೆ ಎನ್1ಎ, ಎರಡು ಮೂರರಲ್ಲಿದ್ದರೆ ಎನ್1ಬಿ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎನ್2. ಕೊಬ್ಬಿನೊಳಗೆ ಕೈಯಾಡಿಸಿ ಕನಿಷ್ಠ 12 ನೋಡ್ ಹುಡುಕಲೇಬೇಕು. ಬರೀ 5 ತೆಗೆದು "ಎಲ್ಲಾ ಕ್ಲೀನ್" ಅಂತ ಬರೆದರೆ, ಆ ಎನ್0 ಮೇಲೆ ಯಾರಿಗೂ ಭರವಸೆ ಇರಲ್ಲ. ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿರಲಿಲ್ಲ. ಒಟ್ಟಾರೆ ಸಾಲು ಹೀಗಾಗುತ್ತೆ:

```
pT3 pN1b cM0
```

ಇದು ಸ್ಟೇಜ್ 3ಬಿ. ಮುಂದಿರೋ ಸಣ್ಣಕ್ಷರ ಮರೀಬೇಡಿ. p ಅಂದರೆ ಆಪರೇಷನ್ ಆದ ಮೇಲೆ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ದು, c ಅಂದರೆ ಪರೀಕ್ಷೆ ಮತ್ತು ಸ್ಕ್ಯಾನ್‌ನಿಂದ ತಿಳಿದದ್ದು. ಮೊದಲೇ ಕೀಮೋ ಕೊಟ್ಟು ಆಮೇಲೆ ಕತ್ತರಿಸಿದ್ದರೆ y ಸೇರುತ್ತೆ.

ಇಷ್ಟರಲ್ಲಿ ಗ್ರೇಡ್ ಮಾತೇ ಬರಲಿಲ್ಲ, ಗಮನಿಸಿದ್ರಾ? ಸ್ಟೇಜ್ ಅಂದರೆ ಗಡ್ಡೆ ಎಲ್ಲಿವರೆಗೆ ಹೋಗಿದೆ ಅನ್ನೋದು. ಗ್ರೇಡ್ ಅಂದರೆ ಅದರ ಜೀವಕೋಶಗಳು ಹುಟ್ಟಿದ ಅಂಗಾಂಶವನ್ನು ಎಷ್ಟು ಹೋಲುತ್ತವೆ ಅನ್ನೋದು. ಕರುಳಿನಲ್ಲಿ ಗ್ಲ್ಯಾಂಡ್ ಆಕಾರ ಎಷ್ಟು ಉಳಿದಿದೆ ಅಂತ ನೋಡುತ್ತೇವೆ. 95%ಗಿಂತ ಜಾಸ್ತಿ ಇದ್ದರೆ ಜಿ1, 50%ಗಿಂತ ಕಡಿಮೆಯಾದರೆ ಜಿ3. ನಮ್ಮದು ನಡುವೆ ಇತ್ತು, ಜಿ2. ಸಾಮಾನ್ಯವಾಗಿ ರೋಗಿಯ ಮುಂದಿನ ದಾರಿ ಹೇಳೋದರಲ್ಲಿ ಸ್ಟೇಜಿನದೇ ಮೇಲುಗೈ. ಇದಕ್ಕೆ ಹೊರತಾದವು ಎಕ್ಸಾಮಿನರ್‌ಗಳಿಗೆ ಇಷ್ಟ. ಪ್ರಾಸ್ಟೇಟ್‌ನಲ್ಲಿ ಗ್ರೇಡ್ ಸ್ಟೇಜಿನ ಲೆಕ್ಕದೊಳಗೇ ಸೇರುತ್ತೆ. ಗ್ಲಯೋಮಾದಂಥ ಮೆದುಳಿನ ಗಡ್ಡೆಗಳಿಗೆ ಟಿಎನ್‌ಎಂ ಇಲ್ಲವೇ ಇಲ್ಲ, ಗ್ರೇಡೇ ಎಲ್ಲ.

ಇನ್ನು ಮಾರ್ಕರ್, ಅಂದರೆ ಗಡ್ಡೆ ಇದ್ದಾಗ ರಕ್ತದಲ್ಲಿ ಏರಬಹುದಾದ ವಸ್ತು. ಈ ರೋಗಿಯ ಸಿಇಎ ಆಪರೇಷನ್‌ಗೆ ಮುಂಚೆ ಪ್ರತಿ ಮಿಲಿಲೀಟರ್‌ಗೆ 18 ನ್ಯಾನೋಗ್ರಾಂ ಇತ್ತು ಅಂದುಕೊಳ್ಳಿ. ಆರು ವಾರದಲ್ಲಿ 3ಕ್ಕೆ ಇಳಿದರೆ ಸರಿ. ಇಳಿಯದೇ ನಿಂತರೆ ಎಲ್ಲೋ ರೋಗ ಉಳಿದಿರಬಹುದು. ಒಂದು ವರ್ಷ ಬಿಟ್ಟು 9 ಆದರೆ ಮತ್ತೊಮ್ಮೆ ಪರೀಕ್ಷಿಸಿ, ಏರುತ್ತಲೇ ಇದ್ದರೆ ಲಿವರ್ ಕಡೆ ಸ್ಕ್ಯಾನ್ ಮಾಡಿಸಬೇಕು. ಆದರೆ ಸಿಇಎ ಇಟ್ಟುಕೊಂಡು ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕೋಕೆ ಹೋಗಬೇಡಿ. ಸಿಗರೇಟು ಸೇದುವವರಲ್ಲೂ ಅದು ಸ್ವಲ್ಪ ಏರಿರುತ್ತೆ, ಶುರುವಿನ ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ಏರೋದೇ ಇಲ್ಲ. ಸಿಎ 19-9 ಕೂಡ ಹಾಗೇ. ಕಲ್ಲಿನಿಂದ ಪಿತ್ತನಾಳ ಕಟ್ಟಿ ಕಾಮಾಲೆ ಬಂದರೂ ಏರುತ್ತೆ, ಅದಕ್ಕೇ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಂತ ಗಾಬರಿಯಾಗೋ ಹಾಗಿಲ್ಲ.

ಮಾರ್ಕರ್ ಸ್ಟೇಜಿನೊಳಗೇ ಕೂರುವ ಜಾಗ ಅಂದರೆ ವೃಷಣದ ಗಡ್ಡೆ. ಅಲ್ಲಿ ಟಿ, ಎನ್, ಎಂ ಜೊತೆ ಎಸ್ ಕೂಡ ಇದೆ. ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಮೂರನ್ನೂ ವೃಷಣ ತೆಗೆದ ಮೇಲೆ ಅಳೆದು ಎಸ್ ಕೊಡುತ್ತಾರೆ. ಎಚ್‌ಸಿಜಿ ಒಂದೂವರೆ ದಿನದೊಳಗೆ ಅರ್ಧಕ್ಕಿಳಿಯಬೇಕು, ಎಎಫ್‌ಪಿಗೆ 5ರಿಂದ 7 ದಿನ ಬೇಕು. ಹಾಗಾಗಿ ಮಾರನೇ ದಿನವೇ ಎಎಫ್‌ಪಿ ನೋಡಿ "ಇಳಿದಿಲ್ಲ" ಅನ್ನೋದು ತಪ್ಪು. ಇನ್ನೊಂದು ಖಾಯಂ ಪ್ರಶ್ನೆ ಇದೆ. ಸ್ಲೈಡ್ ನೋಡಿದರೆ ಬರೀ ಸೆಮಿನೋಮಾ, ರಕ್ತದಲ್ಲಿ ಎಎಫ್‌ಪಿ ಚೆನ್ನಾಗಿ ಏರಿದೆ. ಬರೀ ಸೆಮಿನೋಮಾ ಎಎಫ್‌ಪಿ ಮಾಡಲ್ಲ. ಲಿವರ್ ಕಾಯಿಲೆ ಇಲ್ಲ ಅಂತಾದರೆ ಸ್ಪೆಸಿಮನ್‌ಗೆ ವಾಪಸ್ ಹೋಗಿ ಇನ್ನಷ್ಟು ಬ್ಲಾಕ್ ತೆಗೆಯಿರಿ, ಮೂಲೆಯಲ್ಲೆಲ್ಲೋ ಯೋಕ್ ಸ್ಯಾಕ್ ಟ್ಯೂಮರ್ ಅಡಗಿರಬಹುದು. ಸಿಗದಿದ್ದರೂ ಚಿಕಿತ್ಸೆ ನಾನ್‌ಸೆಮಿನೋಮಾದ್ದೇ.