ವಿಸಿಟಿಂಗ್ ಕಾರ್ಡಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಬದಿಯಲ್ಲಿ ಹೇಗೆ ಕೂರಿಸುವುದು?

ಪ್ರಶ್ನೆ: ನನ್ನದು ಮನೆ ವೈರಿಂಗ್, ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಕೆಲಸ. ಕಾರ್ಡು ಒಂದೇ ಬದಿ ಪ್ರಿಂಟ್ ಮಾಡಿಸಬೇಕು. ಕನ್ನಡದಲ್ಲಿ 7 ಸಾಲು, ಇಂಗ್ಲಿಷ್‌ನಲ್ಲಿ 7 ಸಾಲು ಬರೆದಿದ್ದೇನೆ. ಎಲ್ಲಾ ಹಾಕಿದರೆ ಕಿಕ್ಕಿರಿದು ಕಾಣುತ್ತೆ. ಯಾವುದನ್ನು ಬಿಡಲಿ, ಯಾವುದನ್ನು ದೊಡ್ಡದು ಮಾಡಲಿ?

ಉತ್ತರ:

ನಾನು ಡಿಟಿಪಿ ಕೆಲಸದವನು. ಇಂಥ ಕಾರ್ಡು ಬಹಳ ಮಾಡಿದ್ದೇನೆ. ಮೊದಲು ಜಾಗದ ಲೆಕ್ಕ ಹಾಕೋಣ, ಬಿಡಬೇಕಾದ್ದು ತಾನಾಗಿಯೇ ಗೊತ್ತಾಗುತ್ತೆ.

ಮಾಮೂಲಿ ಕಾರ್ಡು ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ. ಅಂದರೆ ಸುಮಾರು 89 ಮಿ.ಮೀ., 51 ಮಿ.ಮೀ. ಕತ್ತರಿಸುವಾಗ ಬ್ಲೇಡು ಸ್ವಲ್ಪ ಆಚೀಚೆ ಹೋಗುತ್ತೆ, ಅದಕ್ಕೆ ಸುತ್ತಲೂ 5 ಮಿ.ಮೀ. ಬಿಡಬೇಕು. ಉಳಿಯುವ ಎತ್ತರ 41 ಮಿ.ಮೀ. ಇದರಲ್ಲಿ 14 ಸಾಲು ತುಂಬಿದರೆ ಒಂದು ಸಾಲಿಗೆ 3 ಮಿ.ಮೀ. ಕೂಡ ಸಿಗಲ್ಲ. ಕನ್ನಡಕ್ಕೆ ಅಕ್ಷರದ ಸೈಜಿನ ಒಂದೂವರೆ ಪಟ್ಟು ಸಾಲಿನ ಜಾಗ ಬೇಕು. ಹಾಗಾಗಿ ನಿಮ್ಮ ಅಕ್ಷರದ ಸೈಜು ಸುಮಾರು 2 ಮಿ.ಮೀ.ಗೆ, ಪ್ರೆಸ್ಸಿನ ಅಳತೆಯಲ್ಲಿ ಐದೂವರೆ ಪಾಯಿಂಟಿಗೆ ಇಳಿಯುತ್ತೆ. ಅದನ್ನು ಕಣ್ಣು ಚೆನ್ನಾಗಿರುವವರೂ ಓದುವುದು ಕಷ್ಟ.

ಒಂದೂವರೆ ಪಟ್ಟು ಯಾಕೆ ಅಂದರೆ, ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತೆ. 'ಎಲೆಕ್ಟ್ರಿಕಲ್' ಅನ್ನುವ ಪದವನ್ನೇ ನೋಡಿ. 'ಕ್ಟ್ರಿ'ಯಲ್ಲಿ ಮೇಲೆ ಗುಡಿಸು ಇದೆ, ಕೆಳಗೆ ಟ ಒತ್ತು ಇದೆ, ಜೊತೆಗೆ ರ ಒತ್ತೂ ಇದೆ. ಇಂಗ್ಲಿಷ್‌ಗೆ ಇಡುವ ಅಂತರವನ್ನೇ ಇದಕ್ಕೂ ಇಟ್ಟರೆ ಒತ್ತು ಹೋಗಿ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ. ನಿಮ್ಮ ಕಾರ್ಡಿನಲ್ಲಿರುವ ಅತಿ ಉದ್ದ ಒತ್ತಿನ ಪದ ಹುಡುಕಿ, ಅದನ್ನು ಇಟ್ಟುಕೊಂಡೇ ಸಾಲಿನ ಅಂತರ ನಿರ್ಧರಿಸಿ.

ಈಗ ಬಿಡುವ ವಿಷಯ. ಎರಡು ಭಾಷೆಯ ಕಾರ್ಡು ಅಂದರೆ ಪ್ರತಿ ಸಾಲನ್ನೂ ಎರಡು ಸಲ ಬರೆಯುವುದಲ್ಲ. ಫೋನ್ ನಂಬರಿಗೆ ಭಾಷೆ ಇಲ್ಲ, ಅದು ಒಂದೇ ಸಲ ಸಾಕು. 'ಮೊಬೈಲ್' ಅಂತ ಮುಂದೆ ಬರೆಯುವುದೂ ಬೇಡ, ಹತ್ತು ಅಂಕಿ ನೋಡಿದರೆ ಯಾರಿಗೂ ಗೊತ್ತಾಗುತ್ತೆ. ಇಮೇಲ್ ಹೇಗೂ ಇಂಗ್ಲಿಷ್‌ನಲ್ಲೇ ಇರುತ್ತೆ. ವಿಳಾಸ ಕೂಡ ಒಮ್ಮೆ ಸಾಕು. ನಿಮ್ಮ ಗಿರಾಕಿ ನಿಮ್ಮ ಮನೆಗೆ ಬರಲ್ಲ, ನೀವೇ ಅವರ ಮನೆಗೆ ಹೋಗುತ್ತೀರಿ, ಅಲ್ವಾ? ಬಡಾವಣೆ ಮತ್ತು ಊರಿನ ಹೆಸರು ಕನ್ನಡದಲ್ಲಿ ಒಂದು ಸಾಲು ಹಾಕಿ. ಪೂರ್ತಿ ವಿಳಾಸ ಬಿಲ್ಲಿನಲ್ಲಿ ಇರಲಿ.

ಎರಡೂ ಭಾಷೆಯಲ್ಲಿ ಬೇಕಾದ್ದು ಎರಡೇ: ಹೆಸರು ಮತ್ತು ಕೆಲಸ. ಕೆಲಸದ ಸಾಲನ್ನು ಒಂದರಿಂದ ಇನ್ನೊಂದಕ್ಕೆ ಅನುವಾದ ಮಾಡಬೇಡಿ. ಕನ್ನಡದ ಸಾಲನ್ನು ಓದುವುದು ಮನೆಯವರು. ಅವರು ಹುಡುಕುವುದು 'ಮನೆ ವೈರಿಂಗ್, ರಿಪೇರಿ'. 'ವಿದ್ಯುತ್ ಗುತ್ತಿಗೆದಾರರು' ಅಂತ ಹಾಕಿದರೆ ಜಾಗವೂ ಜಾಸ್ತಿ ಬೇಕು, ಫ್ಯಾನ್ ಕೆಟ್ಟವರಿಗೆ ಇವರನ್ನು ಕರೆಯಬಹುದಾ ಅನ್ನುವುದೂ ಗೊತ್ತಾಗಲ್ಲ. ಇಂಗ್ಲಿಷ್ ಸಾಲು ಬಿಲ್ಡರ್, ಎಂಜಿನಿಯರ್‌ಗಳಿಗೆ. ಅಲ್ಲಿ 'ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್' ಅನ್ನುವುದೇ ಸರಿ.

ಹೀಗೆ ಮಾಡಿದರೆ 7 ಸಾಲು ಉಳಿಯುತ್ತೆ. ಮೇಲಿಂದ ಕೂರಿಸುತ್ತಾ ಬರೋಣ. ಕನ್ನಡದಲ್ಲಿ ಹೆಸರು 14 ಪಾಯಿಂಟ್, ಅದಕ್ಕೆ ಸುಮಾರು 7 ಮಿ.ಮೀ. ಕೆಳಗೆ ಇಂಗ್ಲಿಷ್ ಹೆಸರು 9 ಪಾಯಿಂಟ್, ಸುಮಾರು 4 ಮಿ.ಮೀ. ಕನ್ನಡದ ಕೆಲಸದ ಸಾಲು 9 ಪಾಯಿಂಟ್, ಸುಮಾರು 5 ಮಿ.ಮೀ. ಇಂಗ್ಲಿಷ್‌ನದು ಏಳೂವರೆ ಪಾಯಿಂಟ್, ಮೂರೂವರೆ ಮಿ.ಮೀ. ಆಮೇಲೆ ಫೋನ್ ನಂಬರ್ 13 ಪಾಯಿಂಟ್ ದಪ್ಪ ಅಕ್ಷರದಲ್ಲಿ, ಐದೂವರೆ ಮಿ.ಮೀ. ಕೊನೆಗೆ ವಿಳಾಸ 8 ಪಾಯಿಂಟ್, ಇಮೇಲ್ ಏಳೂವರೆ, ಎರಡೂ ಸೇರಿ 8 ಮಿ.ಮೀ. ಒಟ್ಟು 33 ಆಯಿತು, 8 ಮಿ.ಮೀ. ಇನ್ನೂ ಉಳಿದಿದೆ. ಅದನ್ನು ಎಲ್ಲಾ ಸಾಲಿಗೂ ಸಮನಾಗಿ ಹಂಚಬೇಡಿ. ಕೆಲಸದ ಸಾಲು ಮತ್ತು ನಂಬರಿನ ನಡುವೆ 5, ನಂಬರ್ ಮತ್ತು ವಿಳಾಸದ ನಡುವೆ 3 ಕೊಡಿ. ಆಗ ಕಣ್ಣಿಗೆ ಮೂರೇ ಗುಂಪು ಕಾಣುತ್ತೆ: ಯಾರು, ನಂಬರ್ ಎಷ್ಟು, ಎಲ್ಲಿ. ಎಲ್ಲವನ್ನೂ ಎಡಗಡೆಯ ಒಂದೇ ಗೆರೆಗೆ ಹೊಂದಿಸಿ. ನಂಬರನ್ನು ಐದೈದು ಅಂಕಿ ಬಿಡಿಸಿ ಬರೆಯಿರಿ, ನೋಡಿಕೊಂಡು ಒತ್ತುವವರಿಗೆ ಸುಲಭ.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲವಲ್ಲ, ಹಾಗಾಗಿ ಯಾವುದು ಮುಖ್ಯ ಅಂತ ತೋರಿಸಲು ನಮಗಿರುವುದು ಸೈಜು, ದಪ್ಪ, ಖಾಲಿ ಜಾಗ ಇಷ್ಟೇ. ಇಂಗ್ಲಿಷ್ ಸಾಲನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕಿದರೆ ಪಾಯಿಂಟ್ ಕಡಿಮೆ ಇದ್ದರೂ ಅದೇ ಎದ್ದು ಕಂಡು ಕನ್ನಡ ಮಂಕಾಗುತ್ತೆ. ಅಕ್ಷರದ ನಡುವೆ ಅಂತರ ಹೆಚ್ಚಿಸುವುದೂ ಕನ್ನಡಕ್ಕೆ ಒಗ್ಗಲ್ಲ. 'ಕೀ'ಯಲ್ಲಿರುವ ದೀರ್ಘ ಬೇರೆಯಾಗಿ ದೂರ ನಿಂತುಬಿಡುತ್ತೆ.

ಎರಡು ಭಾಷೆಗೂ ಒಂದೇ ಮನೆತನದ ಫಾಂಟ್ ತೆಗೆದುಕೊಳ್ಳಿ. ನಾನು `Anek Kannada` ಬಳಸುತ್ತೇನೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತೆ, ಇಂಗ್ಲಿಷ್ ಅಕ್ಷರಗಳೂ ಅದರಲ್ಲೇ ಇವೆ. ಅಗಲ ಕಡಿಮೆ ಇರುವ ರೂಪವೂ ಇದೆ. ಹೆಸರು ಉದ್ದವಾಗಿ ಸಾಲಿನಲ್ಲಿ ಹಿಡಿಯದಿದ್ದರೆ ಆ ರೂಪ ಬಳಸಿ. ಅಕ್ಷರವನ್ನು ಹಿಡಿದು ಎಳೆದು ಹಿಸುಕಬೇಡಿ, ನಿಂತ ಗೆರೆಗಳು ತೆಳ್ಳಗಾಗಿ ಅಡ್ಡ ಗೆರೆ ಮಾತ್ರ ದಪ್ಪ ಉಳಿಯುತ್ತೆ.

ಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ ಆಸೆ ಇದ್ದರೆ ಹೆಸರಿಗೆ ಮಾತ್ರ ಇಟ್ಟುಕೊಳ್ಳಿ. ಸಣ್ಣ ಸೈಜಿನಲ್ಲಿ ಸುತ್ತಲಿನ ಇಂಕು ಒಳಗೆ ಹರಡುತ್ತೆ. 'ದ'ಗೂ 'ಧ'ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೆರೆ ಮಾತ್ರ. ಅದು ಮುಚ್ಚಿಹೋದರೆ ಊರಿನ ಹೆಸರೇ ಬದಲಾಗುತ್ತೆ. ಸಣ್ಣ ಸಾಲುಗಳು ಬರೀ ಕಪ್ಪು ಇಂಕಿನಲ್ಲಿರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ, ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಂಚು ಮಸುಕಾಗುತ್ತೆ.

ಇನ್ನೊಂದು ಮಾತು, ಇದನ್ನು ನಾನು ಅನುಭವಿಸಿ ಕಲಿತಿದ್ದು. ಒಮ್ಮೆ ಫೈಲು ಕಳಿಸಿ ಸುಮ್ನೆ ಇದ್ದುಬಿಟ್ಟೆ. ಆ ಪ್ರೆಸ್ಸಿನ ಸಾಫ್ಟ್‌ವೇರ್ ಹಳೆಯದು, ಯುನಿಕೋಡ್ ಕನ್ನಡ ಅದಕ್ಕೆ ಸರಿಯಾಗಿ ಬರುತ್ತಿರಲಿಲ್ಲ. 'ವಿದ್ಯುತ್' ಅನ್ನುವುದು 'ವಿದ್‌ಯುತ್' ಅಂತ ಒಡೆದು ಸಾವಿರ ಕಾರ್ಡು ಅಚ್ಚಾಗಿ ಬಂತು. ಗಿರಾಕಿಯ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಅಂದಿನಿಂದ ಅಕ್ಷರಗಳನ್ನೆಲ್ಲ ಕರ್ವ್ಸ್, ಅಂದರೆ ಬರೀ ಗೆರೆಯ ಆಕಾರಗಳಾಗಿ ಮಾಡಿಯೇ ಪಿಡಿಎಫ್ ಕಳಿಸುತ್ತೇನೆ. ಆಗ ಅದು ಚಿತ್ರದ ಹಾಗೆ, ಯಾವ ಕಂಪ್ಯೂಟರಿನಲ್ಲೂ ಒಡೆಯಲ್ಲ. ಕರ್ವ್ಸ್ ಮಾಡಿದ ಮೇಲೆ ತಿದ್ದಲು ಆಗಲ್ಲ, ತಿದ್ದುವ ಫೈಲು ಬೇರೆ ಇಟ್ಟುಕೊಂಡಿರಿ. ನಿಮ್ಮ ಫೋಟೋಶಾಪಿನಲ್ಲೇ ಒತ್ತು ಒಡೆಯುತ್ತಿದ್ದರೆ `World-Ready Layout` ಅನ್ನುವ ಆಯ್ಕೆ ಆನ್ ಮಾಡಿ.

ಪ್ರೆಸ್ಸಿಗೆ ಕೊಡುವ ಮೊದಲು ಬಿಳಿ ಹಾಳೆಯಲ್ಲಿ ನಿಜವಾದ ಸೈಜಿಗೆ ಪ್ರಿಂಟ್ ತೆಗೆದು ಕತ್ತರಿಸಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡುವುದರಿಂದ ಏನೂ ತಿಳಿಯಲ್ಲ. ಸಂಜೆ ಮನೆಯ ಟ್ಯೂಬ್‌ಲೈಟಿನಲ್ಲಿ ಹಿರಿಯರೊಬ್ಬರ ಕೈಗೆ ಆ ಚೀಟಿ ಕೊಟ್ಟು, ನಂಬರನ್ನು ಜೋರಾಗಿ ಓದಿ ಅನ್ನಿ. ಅವರು ತಡವರಿಸಿದರೆ ಇಮೇಲ್ ತೆಗೆದು ಆ ಜಾಗವನ್ನೂ ನಂಬರಿಗೇ ಕೊಡಿ.