5 ಕಿ.ಮೀ. ನಡೆದರೆ 175 ಕ್ಯಾಲೊರಿಯೋ, 250 ಕ್ಯಾಲೊರಿಯೋ?

ಪ್ರಶ್ನೆ: ನನ್ನ ತೂಕ 70 ಕೆ.ಜಿ. ದಾದರ್‌ನ ಶಿವಾಜಿ ಪಾರ್ಕಿನಲ್ಲಿ ದಿನಾ 5 ಕಿ.ಮೀ. ನಡೀತೀನಿ, ಸರಿಯಾಗಿ ಒಂದು ಗಂಟೆ ಹಿಡಿಯುತ್ತೆ. ಆ್ಯಪ್ 250 ಕ್ಯಾಲೊರಿ ಅನ್ನುತ್ತೆ, ಗೆಳೆಯ 175 ಅಂತಾನೆ. ಯಾವುದು ಸರಿ? ಓಡಿದರೆ ಎಷ್ಟು?

ಉತ್ತರ: ಎರಡೂ ಸರಿ ಸರ್. ಇಬ್ಬರೂ ಲೆಕ್ಕ ಹಾಕಿರೋದು ಬೇರೆ ಬೇರೆಯದನ್ನ, ಅಷ್ಟೇ.

ಸಮತಟ್ಟು ದಾರಿಯಲ್ಲಿ ಸಾಧಾರಣ ವೇಗದಲ್ಲಿ ನಡೆದರೆ ಪ್ರತಿ ಕೆ.ಜಿ. ತೂಕಕ್ಕೆ, ಪ್ರತಿ ಕಿ.ಮೀ.ಗೆ ಸುಮಾರು ಅರ್ಧ ಕ್ಯಾಲೊರಿ ಹೆಚ್ಚಿಗೆ ಖರ್ಚಾಗುತ್ತೆ. ಅಂದರೆ 70 × 5 × 0.5 = 175. ಇದು ನಡೆದಿದ್ದಕ್ಕೇ ಆದ ಖರ್ಚು. ಆದರೆ ಆ ಒಂದು ಗಂಟೆ ನೀವು ಸುಮ್ಮನೆ ಕಟ್ಟೆ ಮೇಲೆ ಕೂತಿದ್ದರೂ ದೇಹ ಕೆ.ಜಿ.ಗೆ ಸುಮಾರು ಒಂದರಂತೆ 70 ಚಿಲ್ಲರೆ ಕ್ಯಾಲೊರಿ ಉರಿಸುತ್ತಿತ್ತು. ಆ್ಯಪ್ ಅದನ್ನೂ ಸೇರಿಸಿ 250 ತೋರಿಸುತ್ತೆ.

ಊಟದ ಲೆಕ್ಕ ಇಡೋರು ಎಡವೋದು ಇಲ್ಲೇ. ದಿನಕ್ಕೆ ಇಷ್ಟು ಕ್ಯಾಲೊರಿ ಬೇಕು ಅಂತ ಗೊತ್ತುಮಾಡುವಾಗ ಕೂತಾಗಿನ ಖರ್ಚು ಅದರಲ್ಲಿ ಸೇರಿಯೇ ಇರುತ್ತೆ. ಅದರ ಮೇಲೆ ಮತ್ತೆ 250 ಕೂಡಿಸಿದರೆ ಆ 70 ಎರಡು ಸಲ ಬಂತು. ಅಲ್ಲಿ ಗೆಳೆಯನ 175 ಹಿಡಿಯಿರಿ. ನಿಧಾನ ನಡೆದಷ್ಟೂ ಈ ಅಂತರ ದೊಡ್ಡದಾಗುತ್ತೆ. ಅದೇ 5 ಕಿ.ಮೀ.ಗೆ ಹರಟೆ ಹೊಡೀತಾ ಒಂದೂವರೆ ಗಂಟೆ ತಗೊಂಡರೆ ಆ್ಯಪ್ 280ರ ಮೇಲೆ ತೋರಿಸಬಹುದು, ಆದರೆ ನಡಿಗೆಯ ಪಾಲು ಸುಮಾರು 175ರಲ್ಲೇ ಇರುತ್ತೆ.

ಓಡಿದರೆ ಅರ್ಧದ ಜಾಗದಲ್ಲಿ ಒಂದು ಹಾಕಿ: 70 × 5 × 1 = 350. ನಡೆಯುವಾಗ ಮೈ ಲೋಲಕದ ಹಾಗೆ ತೂಗಿ ಮುಂದೆ ಸಾಗುತ್ತೆ, ಹಿಂದಿನ ಹೆಜ್ಜೆಯ ಶಕ್ತಿ ಸ್ವಲ್ಪ ಮುಂದಿನದಕ್ಕೆ ಸಿಗುತ್ತೆ. ಓಟದಲ್ಲಿ ಪ್ರತಿ ಹೆಜ್ಜೆಗೂ ಮೈಯನ್ನು ನೆಲದಿಂದ ಎತ್ತಿ ಮತ್ತೆ ತಡೆದು ಹಿಡೀಬೇಕು, ಅದಕ್ಕೇ ದುಪ್ಪಟ್ಟು. ಓಟದ ವೇಗ ಹೆಚ್ಚಿಸಿದರೆ ಗಂಟೆಯ ಖರ್ಚು ಏರುತ್ತೆ, ಕಿ.ಮೀ.ನದು ಹೆಚ್ಚೇನೂ ಬದಲಾಗಲ್ಲ. ನಡಿಗೆ ಹಾಗಲ್ಲ: ಗಂಟೆಗೆ 7 ಕಿ.ಮೀ. ದಾಟಿ ಬಿರುಸಾಗಿ ನಡೆದರೆ ಅರ್ಧದ ಲೆಕ್ಕ ಕಡಿಮೆ ಬೀಳುತ್ತೆ.

ಏರು ಬಂದರೂ ಅಷ್ಟೇ. ಮಲಬಾರ್ ಹಿಲ್ ಕಡೆ ಹೋಗೋರು ಗಮನಿಸಿ, 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ ನಡಿಗೆಯ 0.5 ಹೆಚ್ಚುಕಡಿಮೆ 0.95 ಆಗುತ್ತೆ. ಇಳಿಯುವಾಗ ಸ್ವಲ್ಪ ಉಳಿಯುತ್ತೆ, ಆದರೆ ಹತ್ತಿದ ಖರ್ಚೆಲ್ಲ ವಾಪಸ್ ಬರಲ್ಲ.

ಇನ್ನು ದೂರ. ಬರೀ ಹೆಜ್ಜೆ ಎಣಿಸಿ ದೂರ ಹೇಳುವ ಆ್ಯಪ್ ನಿಮ್ಮ ಹೆಜ್ಜೆಯ ಉದ್ದವನ್ನು ಊಹಿಸಿರುತ್ತೆ. ಅಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಕ್ಯಾಲೊರಿಯೂ ಅಷ್ಟೇ ತಪ್ಪುತ್ತೆ. ಪಾರ್ಕಿನ ಕಟ್ಟೆಯ ಒಂದು ಸುತ್ತು ಸುಮಾರು 1.2 ಕಿ.ಮೀ., ಹಾಗಾಗಿ ನಾಲ್ಕು ಸುತ್ತು ಮುಗಿದಾಗ ಆ್ಯಪ್ 4.8ರ ಆಸುಪಾಸು ತೋರಿಸಬೇಕು. ಐದೂವರೆ ತೋರಿಸಿದರೆ ಹೆಜ್ಜೆಯ ಉದ್ದವನ್ನು ಅಳೆದು ಸೆಟ್ಟಿಂಗ್‌ನಲ್ಲಿ ಸರಿಮಾಡಿ. ತೂಕ ಇಳಿದಾಗ ಅಲ್ಲಿ ಹೊಸ ತೂಕವನ್ನೂ ಹಾಕಿ.